ಪಿಎಫ್‌ಗೆ ಹೆಚ್ಚುವರಿ ಕಟ್ಟುವವರೇ, 2.5 ಲಕ್ಷದ ಗೆರೆ ನಿಮ್ಮ ಹತ್ತಿರ ಬರುತ್ತಿದೆ

ಏಪ್ರಿಲ್ ಬಂತೆಂದರೆ ಗುರುಗ್ರಾಮ, ನೋಯ್ಡಾಗಳ ಕಚೇರಿಗಳಲ್ಲಿ ನೌಕರರ ಮುಂದೆ ಒಂದು ಚಿಕ್ಕ ಫಾರ್ಮ್ ಬರುತ್ತದೆ. ಕಡ್ಡಾಯವಾಗಿ ಕಡಿತವಾಗುವ ಪಿಎಫ್ ಅಲ್ಲದೆ ಸ್ವಂತ ಇಚ್ಛೆಯಿಂದ ಇನ್ನೆಷ್ಟು ಕಟ್ಟುತ್ತೀರಿ ಎಂದು ಅದು ಕೇಳುತ್ತದೆ. ಇದೇ ವಿಪಿಎಫ್. ಬೇಸಿಕ್ ಮತ್ತು ತುಟ್ಟಿಭತ್ಯೆಯ ಶೇ 100ರವರೆಗೂ ಕಟ್ಟಬಹುದು. ಬಹಳ ಜನ 5 ಎಂದೋ 10 ಎಂದೋ ಒಂದು ಶೇಕಡಾ ಬರೆದು ಸಹಿ ಹಾಕಿ ಮರೆತುಬಿಡುತ್ತಾರೆ. ಆ ಮರೆವು ಒಂದು ಕಾಲದಲ್ಲಿ ಒಳ್ಳೆಯದನ್ನೇ ಮಾಡುತ್ತಿತ್ತು. ದುಡ್ಡು ತಾನಾಗಿ ಬೆಳೆಯುತ್ತಿತ್ತು, ತೆರಿಗೆಯ ಮಾತೇ ಇರಲಿಲ್ಲ. 2021ರ ಏಪ್ರಿಲ್ 1ರಿಂದ ಪರಿಸ್ಥಿತಿ ಬದಲಾಗಿದೆ. ಆದರೂ ಫಾರ್ಮ್ ತುಂಬುವ ರೀತಿ ಬದಲಾಗಿಲ್ಲ. ಈ ಬರಹ ದಿಲ್ಲಿ ಸುತ್ತಮುತ್ತ ದುಡಿಯುತ್ತಿರುವ, ಮುಂದೊಂದು ದಿನ ಮೈಸೂರಿಗೋ ಧಾರವಾಡಕ್ಕೋ ಉಡುಪಿಗೋ ಮರಳುವ ಯೋಚನೆಯಲ್ಲಿ ಪಿಎಫ್ ತುಂಬಿಸುತ್ತಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು.

ಮೊದಲೇ ಹೇಳಿಬಿಡುತ್ತೇವೆ: ವಿಪಿಎಫ್ ಕೆಟ್ಟದ್ದಲ್ಲ. ಸಂಬಳದಾರನಿಗೆ ಸಿಗುವ ಸಾಲಪತ್ರ ವರ್ಗದ ಹೂಡಿಕೆಗಳಲ್ಲಿ, ಅಂದರೆ ಅಸಲು ಕರಗದೆ ಬಡ್ಡಿ ಬರುವ ಹೂಡಿಕೆಗಳಲ್ಲಿ, ಒಂದು ಮಿತಿಯೊಳಗೆ ಇದಕ್ಕೆ ಸರಿಸಾಟಿ ಇಲ್ಲ. 2023-24ಕ್ಕೂ 2024-25ಕ್ಕೂ ಬಡ್ಡಿ ಶೇ 8.25. ಹತ್ತು ವರ್ಷದ ಸರ್ಕಾರಿ ಸಾಲಪತ್ರ 2025ರಲ್ಲಿ ಶೇ 6.5ರ ಆಸುಪಾಸಿನಲ್ಲಿತ್ತು. ಬ್ಯಾಂಕ್ ಠೇವಣಿಯ ಬಡ್ಡಿಯೂ ಹೆಚ್ಚುಕಡಿಮೆ ಅಷ್ಟೇ, ಅದರ ಮೇಲೆ ಪೂರ್ತಿ ತೆರಿಗೆ. ಪಿಎಫ್ ಹಣವನ್ನು ಸಾಲಗಾರರು ಕೋರ್ಟಿನ ಮೂಲಕವೂ ಜಪ್ತಿ ಮಾಡಿಸಲಾರರು. 1952ರ ಕಾಯ್ದೆಯೇ ಆ ರಕ್ಷಣೆ ಕೊಟ್ಟಿದೆ. ಷೇರುಪೇಟೆ ಕುಸಿದ ವರ್ಷದಲ್ಲೂ ಪಾಸ್‌ಬುಕ್‌ನ ಮೊತ್ತ ಇಳಿಯುವುದಿಲ್ಲ. ನಿವೃತ್ತಿಗೆ ಹದಿನೈದು ವರ್ಷ ಬಾಕಿಯಿರುವ ಮನುಷ್ಯ ತನ್ನ ಉಳಿತಾಯದ ಗಟ್ಟಿ ಭಾಗವನ್ನು ಇಲ್ಲಿಡುವುದು ವಿವೇಕದ ಕೆಲಸವೇ. ನಮ್ಮ ಎಚ್ಚರಿಕೆ ಆ ಮಿತಿಯ ಬಗ್ಗೆ. ಮಿತಿ ಇದ್ದಲ್ಲೇ ಇದೆ, ಸಂಬಳ ಮಾತ್ರ ಅದರ ಕಡೆಗೆ ಸರಿಯುತ್ತಿದೆ.

2021ರ ಬಜೆಟ್‌ನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಹೋದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಒಂದು ಗೆರೆ ಎಳೆದರು. ನೌಕರನ ಸ್ವಂತ ಪಾಲು ವರ್ಷಕ್ಕೆ 2.5 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಬಡ್ಡಿಗೆ ತೆರಿಗೆ. ಮಾಲೀಕರ ಪಾಲೇ ಇಲ್ಲದ ನಿಧಿಗಳಿಗೆ, ಮುಖ್ಯವಾಗಿ ಹಳೆಯ ಸರ್ಕಾರಿ ನೌಕರರ ಜಿಪಿಎಫ್‌ಗೆ, ಗೆರೆ 5 ಲಕ್ಷದಲ್ಲಿದೆ. ಕೋಟಿಗಟ್ಟಲೆ ಹಣವನ್ನು ಪಿಎಫ್‌ನಲ್ಲಿ ಹಾಕಿ ತೆರಿಗೆಯಿಲ್ಲದ ಬಡ್ಡಿ ತಿನ್ನುವವರಿದ್ದಾರೆ, ಕಾರ್ಮಿಕರಿಗಾಗಿ ಮಾಡಿದ ವ್ಯವಸ್ಥೆ ಇದಲ್ಲ ಎಂಬುದು ಆಗ ಸರ್ಕಾರ ಕೊಟ್ಟ ಕಾರಣ. ಆ ಕಾರಣದಲ್ಲಿ ನ್ಯಾಯವಿದೆ. ಆದರೆ ಕೋಟ್ಯಧಿಪತಿಯನ್ನು ತಡೆಯಲು ಎಳೆದ ಗೆರೆಗೆ ಬೆಲೆಯೇರಿಕೆಯ ಲೆಕ್ಕ ಸೇರಿಸಲಿಲ್ಲ. 2021ರಲ್ಲಿ 2.5 ಲಕ್ಷವಿದ್ದದ್ದು ಈಗಲೂ 2.5 ಲಕ್ಷ. ಅಂದು ಗೆರೆಯಿಂದ ಬಹಳ ದೂರವಿದ್ದ ಮಧ್ಯಮ ವರ್ಗದ ಎಂಜಿನಿಯರ್, ಆಡಿಟರ್, ಬ್ಯಾಂಕ್ ಮ್ಯಾನೇಜರ್ ಇಂದು ಅದರ ಹೊಸ್ತಿಲಲ್ಲಿದ್ದಾರೆ.

ಜನ ಎಡವುವ ಮೊದಲ ಜಾಗ ಎಂದರೆ ಈ 2.5 ಲಕ್ಷ ವಿಪಿಎಫ್‌ಗೆ ಮಾತ್ರ ಸಂಬಂಧಿಸಿದ್ದು ಎಂಬ ತಪ್ಪು ತಿಳಿವಳಿಕೆ. ಕಡ್ಡಾಯದ ಶೇ 12, ನೀವು ಸ್ವಂತವಾಗಿ ಸೇರಿಸಿದ್ದು, ಎರಡೂ ಕೂಡಿದ ಲೆಕ್ಕ ಅದು. ಮಾಲೀಕರು ಕಟ್ಟುವ ಪಾಲು ಈ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಬೇರೆಯೇ ಮಿತಿಯಿದೆ. ಹಾಗಾಗಿ ನಿಮ್ಮ ವಿಪಿಎಫ್‌ಗೆ ಎಷ್ಟು ಜಾಗವಿದೆ ಎಂಬುದು ನಿಮ್ಮ ಕಂಪನಿ ಕಡ್ಡಾಯದ ಪಾಲನ್ನು ಯಾವುದರ ಮೇಲೆ ಲೆಕ್ಕ ಹಾಕುತ್ತದೆ ಎನ್ನುವುದರ ಮೇಲಿದೆ. ಕೆಲವು ಕಂಪನಿಗಳು ಕಾನೂನಿನ 15,000 ರೂಪಾಯಿ ವೇತನ ಮಿತಿಗೆ ಮಾತ್ರ ಪಿಎಫ್ ಕಟ್ಟುತ್ತವೆ. ಅಲ್ಲಿ ತಿಂಗಳಿಗೆ 1,800, ವರ್ಷಕ್ಕೆ 21,600 ಮಾತ್ರ ಕಡಿತ. ಅಂಥವರಿಗೆ ಗೆರೆಯೊಳಗೆ 2,28,400 ರೂಪಾಯಿ ವಿಪಿಎಫ್ ಕಟ್ಟಲು ಜಾಗವಿದೆ. ಪಕ್ಕದ ಕಟ್ಟಡದ ಕಂಪನಿ ಪೂರ್ತಿ ಬೇಸಿಕ್ ಮೇಲೆ ಕಡಿತ ಮಾಡುತ್ತದೆ ಎನ್ನಿ. ಅಲ್ಲಿ ತಿಂಗಳಿಗೆ 1 ಲಕ್ಷ ಬೇಸಿಕ್ ಇರುವವರ ಕಡ್ಡಾಯ ಪಾಲೇ 1,44,000. ವಿಪಿಎಫ್‌ಗೆ ಉಳಿದದ್ದು 1,06,000, ತಿಂಗಳಿಗೆ ಸುಮಾರು 8,800. ಬೇಸಿಕ್ ತಿಂಗಳಿಗೆ 1,73,600 ದಾಟಿದವರಿಗೆ ಜಾಗವೇ ಇಲ್ಲ. ಒಂದು ರೂಪಾಯಿ ವಿಪಿಎಫ್ ಕಟ್ಟದಿದ್ದರೂ ಅವರು ಗೆರೆಯ ಆಚೆಗಿದ್ದಾರೆ.

ಒಂದು ಲೆಕ್ಕವನ್ನು ಹಂತಹಂತವಾಗಿ ನೋಡೋಣ. ಗುರುಗ್ರಾಮದ ಕಂಪನಿಯೊಂದರಲ್ಲಿ ತಿಂಗಳಿಗೆ 2.25 ಲಕ್ಷ ಸಂಬಳ, ಅದರಲ್ಲಿ ಶೇ 40 ಬೇಸಿಕ್, ಅಂದರೆ 90,000. ಪೂರ್ತಿ ಬೇಸಿಕ್ ಮೇಲೆ ಕಡಿತ. ಕಡ್ಡಾಯದ ಶೇ 12ರ ಜೊತೆಗೆ ವಿಪಿಎಫ್ ಶೇ 10 ಎಂದು ಫಾರ್ಮ್‌ನಲ್ಲಿ ಬರೆದಾಗಿದೆ. ಮೊದಲ ವರ್ಷ ಕಡ್ಡಾಯ 1,29,600, ವಿಪಿಎಫ್ 1,08,000, ಒಟ್ಟು 2,37,600. ಗೆರೆಯೊಳಗೇ ಇದೆ, ಎಲ್ಲ ಚೆನ್ನಾಗಿದೆ. ಮರುವರ್ಷ ಶೇ 10ರ ಹೈಕ್ ಬಂತು, ಬೇಸಿಕ್ 99,000 ಆಯಿತು. ಶೇಕಡಾ ಬದಲಿಸಿಲ್ಲ, ಆದರೂ ಒಟ್ಟು ಕಡಿತ 2,61,360ಕ್ಕೆ ಏರಿತು. 11,360 ಗೆರೆಯ ಆಚೆ. ಮೂರನೆಯ ವರ್ಷ ಒಟ್ಟು 2,87,496, ನಾಲ್ಕನೆಯ ವರ್ಷ ಸುಮಾರು 3,16,250. ಮೂರು ಹೈಕ್‌ಗಳಲ್ಲಿ ಗೆರೆ ದಾಟಿದ ಅಸಲು 1.15 ಲಕ್ಷ. ಈ ನಡುವೆ ನೌಕರ ಯಾವ ಹೊಸ ತೀರ್ಮಾನವನ್ನೂ ಮಾಡಿಲ್ಲ. ಅವರ ಪರವಾಗಿ ಶೇಕಡಾ ಎಂಬ ಅಂಕಿಯೇ ತೀರ್ಮಾನ ಮಾಡಿತು.

ಗೆರೆ ದಾಟಿದ ಹಣಕ್ಕೆ ಏನಾಗುತ್ತದೆ? 2021ರ ಆಗಸ್ಟ್ 31ರಂದು ಬಂದ ಆದಾಯ ತೆರಿಗೆ ನಿಯಮ 9ಡಿ ಪ್ರಕಾರ ನಿಮ್ಮ ಪಿಎಫ್ ಖಾತೆಯೊಳಗೇ ಎರಡು ಲೆಕ್ಕಗಳು ಹುಟ್ಟುತ್ತವೆ. ಒಂದು ತೆರಿಗೆಯಿಲ್ಲದ್ದು, ಇನ್ನೊಂದು ತೆರಿಗೆಗೆ ಒಳಪಡುವುದು. ಆ ವರ್ಷದ ಹೆಚ್ಚುವರಿ ಅಸಲು ಎರಡನೆಯದಕ್ಕೆ ಹೋಗುತ್ತದೆ. ಅದರ ಬಡ್ಡಿಯೂ ಅಲ್ಲಿಗೇ ಸೇರಿ, ಮರುವರ್ಷ ಆ ಬಡ್ಡಿಯ ಬಡ್ಡಿಗೂ ತೆರಿಗೆ ಬೀಳುತ್ತದೆ. ಇಲ್ಲಿರುವ ಮುಖ್ಯ ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ವಿಪಿಎಫ್ ಪೂರ್ತಿ ನಿಲ್ಲಿಸಿದರೂ ಆ ಎರಡನೆಯ ಲೆಕ್ಕ ಮುಚ್ಚುವುದಿಲ್ಲ. ಒಮ್ಮೆ ಅಲ್ಲಿಗೆ ಹೋದ ಹಣ ತೆಗೆಯುವವರೆಗೂ ಪ್ರತಿವರ್ಷ ತೆರಿಗೆ ಹುಟ್ಟಿಸುತ್ತಲೇ ಇರುತ್ತದೆ. ಮೂವತ್ತೈದರ ವಯಸ್ಸಿನಲ್ಲಿ ಮೂರು ವರ್ಷ ಗೆರೆ ದಾಟಿದವರು ಅದರ ತೆರಿಗೆಯನ್ನು ಐವತ್ತೆಂಟರವರೆಗೆ ಕಟ್ಟುತ್ತಿರಬಹುದು.

ಈ ತೆರಿಗೆ ಎಷ್ಟು ಭಾರ? ಮೇಲಿನ ಉದಾಹರಣೆಯವರು ಶೇ 30ರ ಹಂತದಲ್ಲಿದ್ದಾರೆ. ಸೆಸ್ ಸೇರಿ ಶೇ 31.2. ಶೇ 8.25 ಬಡ್ಡಿಯಲ್ಲಿ ಅದನ್ನು ಕಳೆದರೆ ಕೈಗೆ ಉಳಿಯುವುದು ಶೇ 5.68. ಬ್ಯಾಂಕ್ ಠೇವಣಿಯ ಶೇ 6.5ರಲ್ಲಿ ಅದೇ ತೆರಿಗೆ ಕಳೆದರೆ ಶೇ 4.5ಕ್ಕೂ ಸ್ವಲ್ಪ ಕಡಿಮೆ. ಆದ್ದರಿಂದ ಗೆರೆಯಾಚೆಗಿನ ವಿಪಿಎಫ್ ಕೂಡ ಠೇವಣಿಗಿಂತ ಹೆಚ್ಚು ಕೊಡುತ್ತದೆ ಎಂದು ವಾದಿಸುವವರಿದ್ದಾರೆ. ಅಂಕಿಯ ಮಟ್ಟಿಗೆ ಅದು ನಿಜ. ಆದರೆ ಠೇವಣಿಯನ್ನು ಬೆಳಿಗ್ಗೆ ಮುರಿದು ಸಂಜೆಗೆ ಆಸ್ಪತ್ರೆ ಬಿಲ್ ಕಟ್ಟಬಹುದು. ಪಿಎಫ್‌ನಲ್ಲಿ ಆ ಸಲೀಸು ಇಲ್ಲ. ಇನ್ನೊಂದು ಹೋಲಿಕೆಯನ್ನು ಈ ವಾದ ಬಿಟ್ಟುಬಿಡುತ್ತದೆ. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1ರಲ್ಲಿ ನಿಂತಿದೆ, ವರ್ಷಕ್ಕೆ 1.5 ಲಕ್ಷದವರೆಗೆ ಕಟ್ಟಬಹುದು, ಬಡ್ಡಿಗೆ ಹೊಸ ತೆರಿಗೆ ಪದ್ಧತಿಯಲ್ಲೂ ತೆರಿಗೆಯಿಲ್ಲ. ಗೆರೆಯೊಳಗೆ ಶೇ 8.25 ಕೊಡುವ ವಿಪಿಎಫ್ ಮುಂದೆ ಪಿಪಿಎಫ್ ಸೋಲುತ್ತದೆ. ಗೆರೆ ದಾಟಿದ ಮೇಲೆ ಅದೇ ವಿಪಿಎಫ್ ಪಿಪಿಎಫ್ ಮುಂದೆ ಸೋಲುತ್ತದೆ. ಶೇ 20ರ ಹಂತದವರಿಗೆ ಶೇ 6.5, ಶೇ 15ರ ಹಂತದವರಿಗೂ ಶೇ 7ರ ಒಳಗೇ ಉಳಿಯುತ್ತದೆ. ಪಿಪಿಎಫ್ ತುಂಬಿಸದೆ ವಿಪಿಎಫ್‌ನಲ್ಲಿ ಗೆರೆ ದಾಟುವವರು ಯಾವ ಲಾಭವೂ ಇಲ್ಲದೆ ನಷ್ಟ ಒಪ್ಪಿಕೊಳ್ಳುತ್ತಿದ್ದಾರೆ ಎಂದೇ ನಮ್ಮ ಅಭಿಪ್ರಾಯ. ಹದಿನೈದು ವರ್ಷದ ಗಡುವು ಪಿಪಿಎಫ್‌ಗೂ ಇದೆ ನಿಜ, ಆದರೆ ಹಲವು ವರ್ಷಗಳ ಹಿಂದೆ ಖಾತೆ ತೆರೆದು ಖಾಲಿ ಬಿಟ್ಟವರಿಗೆ ಆ ಗಡುವು ಈಗಾಗಲೇ ಅರ್ಧ ಕಳೆದಿರುತ್ತದೆ.

ತೆರಿಗೆ ಉಳಿತಾಯಕ್ಕಾಗಿಯೇ ವಿಪಿಎಫ್ ಆರಂಭಿಸಿದವರ ಗುಂಪು ಇನ್ನೊಂದಿದೆ. ಹಳೆಯ ಪದ್ಧತಿಯಲ್ಲಿ 80ಸಿ ಅಡಿ 1.5 ಲಕ್ಷದವರೆಗೆ ವಿನಾಯಿತಿ ಸಿಗುತ್ತಿತ್ತು. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಅದರಲ್ಲಿ ನೌಕರನ ಪಿಎಫ್ ಪಾಲಿಗೆ ಆ ವಿನಾಯಿತಿ ಇಲ್ಲ. ಹೊಸ ಪದ್ಧತಿಗೆ ಬಂದವರಿಗೆ ವಿಪಿಎಫ್‌ನಲ್ಲಿ ಉಳಿದಿರುವ ಏಕೈಕ ತೆರಿಗೆ ಲಾಭ ಎಂದರೆ ಗೆರೆಯೊಳಗಿನ ಬಡ್ಡಿ.

ಈಗ ಎಚ್ಚರಿಕೆಯ ತುರ್ತಿನ ಭಾಗಕ್ಕೆ ಬರುತ್ತೇವೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವು ವೇತನಕ್ಕೆ ಹೊಸ ವ್ಯಾಖ್ಯೆ ಕೊಟ್ಟಿವೆ. ಮನೆ ಬಾಡಿಗೆ ಭತ್ಯೆ ಮುಂತಾದ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ಬೇಸಿಕ್ ಅನ್ನು ಶೇ 35, ಶೇ 40ರಲ್ಲಿಟ್ಟು ಉಳಿದದ್ದನ್ನು ಭತ್ಯೆಗಳಾಗಿ ಹಂಚುವ ಪದ್ಧತಿ ದಿಲ್ಲಿ ಸುತ್ತಿನ ಕಂಪನಿಗಳಲ್ಲಿ ಸಾಮಾನ್ಯ. ಪಿಎಫ್ ಕಡಿತ 15,000 ರೂಪಾಯಿ ಮಿತಿಯಲ್ಲೇ ಇರುವವರಿಗೆ ಕೈಗೆ ಬರುವ ಸಂಬಳ ಕಡಿಮೆಯಾಗದು ಎಂದು ಕಾರ್ಮಿಕ ಸಚಿವಾಲಯ ಸ್ಪಷ್ಟಪಡಿಸಿದೆ. ಪೂರ್ತಿ ಬೇಸಿಕ್ ಮೇಲೆ ಕಟ್ಟುವವರ ವಿಷಯ ಹಾಗಲ್ಲ. ಕಂಪನಿ ಸಂಬಳದ ರಚನೆ ಬದಲಿಸಿ ಬೇಸಿಕ್ ಅನ್ನು ಶೇ 50ಕ್ಕೆ ಏರಿಸಿದರೆ ನಮ್ಮ ಉದಾಹರಣೆಯವರ ಬೇಸಿಕ್ 90,000ದಿಂದ 1,12,500 ಆಗುತ್ತದೆ. ಸಂಬಳ ಒಂದು ರೂಪಾಯಿಯೂ ಏರಿಲ್ಲ. ಆದರೂ ಶೇ 22ರ ಕಡಿತ 2,37,600ರಿಂದ 2,97,000ಕ್ಕೆ ಜಿಗಿಯುತ್ತದೆ. ಒಂದೇ ವರ್ಷದಲ್ಲಿ 47,000 ಗೆರೆಯಾಚೆ. ಸಂಬಳದ ಹೊಸ ರಚನೆಯ ಪತ್ರ ಕೈಗೆ ಬಂದವರು ಮೊದಲು ನೋಡಬೇಕಾದದ್ದು ಬೇಸಿಕ್ ಎಷ್ಟಾಯಿತು ಎಂಬುದನ್ನು, ಕೂಡಲೇ ಮಾಡಬೇಕಾದದ್ದು ವಿಪಿಎಫ್ ಶೇಕಡಾವನ್ನು ಇಳಿಸುವುದನ್ನು. ಕಂಪನಿ ಒಪ್ಪಿದರೆ ಶೇಕಡಾ ಬದಲು ನಿಗದಿತ ರೂಪಾಯಿ ಮೊತ್ತವನ್ನೇ ಬರೆಯುವುದು ಇನ್ನೂ ಒಳ್ಳೆಯದು. ಅನೇಕ ಕಂಪನಿಗಳು ವರ್ಷದ ನಡುವೆ ಬದಲಾವಣೆಗೆ ಅವಕಾಶ ಕೊಡುವುದಿಲ್ಲ, ಕೆಲವು ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಬಾಗಿಲು ತೆರೆಯುತ್ತವೆ. ನಿಮ್ಮಲ್ಲಿ ಹೇಗೆ ಎಂದು ಮಾರ್ಚ್‌ಗೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಗೆರೆ ದಾಟಿದ್ದೇವೋ ಇಲ್ಲವೋ ತಿಳಿಯುವುದು ಕಷ್ಟವಲ್ಲ. ಮಾರ್ಚ್ ಸಂಬಳದ ಸ್ಲಿಪ್‌ನಲ್ಲಿ ವರ್ಷದ ಒಟ್ಟು ಪಿಎಫ್, ಒಟ್ಟು ವಿಪಿಎಫ್ ಎರಡನ್ನೂ ಕೂಡಿಸಿ ನೋಡಿ. ಭವಿಷ್ಯ ನಿಧಿ ಸಂಘಟನೆಯ ಪಾಸ್‌ಬುಕ್‌ನಲ್ಲಿ ವಿಪಿಎಫ್‌ಗೆ ಪ್ರತ್ಯೇಕ ಕಾಲಂ ಇರುವುದಿಲ್ಲ. ನೌಕರನ ಪಾಲು ಎಂಬಲ್ಲೇ ಅದು ಸೇರಿರುತ್ತದೆ. ಹಾಗಾಗಿ ಸ್ಲಿಪ್‌ನ ಎರಡು ಕಡಿತಗಳ ಮೊತ್ತ ಪಾಸ್‌ಬುಕ್‌ನ ನೌಕರನ ಪಾಲಿಗೆ ಹೊಂದಬೇಕು. ಹೊಂದದಿದ್ದರೆ ಕಡಿತವಾದ ಹಣ ಕಟ್ಟಿಲ್ಲದಿರಬಹುದು, ಆ ತಿಂಗಳೇ ವಿಚಾರಿಸಬೇಕು. ತೆರಿಗೆಗೊಳಪಡುವ ಬಡ್ಡಿ ವರ್ಷಕ್ಕೆ 10,000 ದಾಟಿದರೆ ಶೇ 10 ಟಿಡಿಎಸ್ ಮುರಿಯುತ್ತಾರೆ. ಶೇ 8.25ರ ಬಡ್ಡಿಯಲ್ಲಿ ಸುಮಾರು 1.2 ಲಕ್ಷ ರೂಪಾಯಿ ಹೆಚ್ಚುವರಿ ಅಸಲು ಸೇರಿದಾಗ ಈ ಹಂತ ಬರುತ್ತದೆ. ಟಿಡಿಎಸ್ ಮುರಿದಾಗಿದೆ ಎಂದು ಸುಮ್ಮನಿರುವಂತಿಲ್ಲ. ಶೇ 30ರ ಹಂತದವರು ಬಾಕಿ ತೆರಿಗೆಯನ್ನು ರಿಟರ್ನ್‌ನಲ್ಲಿ ಸ್ವತಃ ತೋರಿಸಿ ಕಟ್ಟಬೇಕು. ಟಿಡಿಎಸ್ ಮುರಿಯದಿದ್ದರೂ, 10,000ದೊಳಗಿನ ಬಡ್ಡಿಯನ್ನೂ ತೋರಿಸಬೇಕು.

ಇಷ್ಟು ತೆರಿಗೆಯ ಮಾತಾಯಿತು. ಅಪಾಯವೇ ಇಲ್ಲದ ಹೂಡಿಕೆ ಎಂಬ ನಂಬಿಕೆಯನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಪಿಎಫ್ ಬಡ್ಡಿ ಠೇವಣಿಯ ಬಡ್ಡಿಯ ಹಾಗೆ ಮುಂಚೆಯೇ ಬರೆದುಕೊಟ್ಟ ಕರಾರಲ್ಲ. ವರ್ಷ ಮುಗಿಯುವ ಹೊತ್ತಿಗೆ ನಿಧಿಯ ಟ್ರಸ್ಟಿಗಳ ಕೇಂದ್ರ ಮಂಡಳಿ ದಿಲ್ಲಿಯಲ್ಲಿ ಸೇರಿ ಶಿಫಾರಸು ಮಾಡುತ್ತದೆ, ಹಣಕಾಸು ಸಚಿವಾಲಯ ಒಪ್ಪಬೇಕು, ಆಮೇಲೆ ಖಾತೆಗೆ ಬರುತ್ತದೆ. 2024-25ರ ದರವನ್ನು ಮಂಡಳಿ ಹೇಳಿದ್ದು 2025ರ ಫೆಬ್ರವರಿ 28ರಂದು, ಸಚಿವಾಲಯ ಒಪ್ಪಿದ್ದು ಮೇ ತಿಂಗಳಲ್ಲಿ. ಏಪ್ರಿಲ್‌ನಲ್ಲಿ ವಿಪಿಎಫ್ ಆಯ್ಕೆ ಮಾಡುವವರು ಅದರ ದರ ಗೊತ್ತಿಲ್ಲದೆಯೇ ಆಯ್ಕೆ ಮಾಡುತ್ತಾರೆ. 2000ದವರೆಗೆ ಒಂದು ದಶಕ ಕಾಲ ಶೇ 12 ಕೊಟ್ಟ ನಿಧಿ 2015-16ರಲ್ಲಿ ಶೇ 8.8ಕ್ಕೆ, 2021-22ರಲ್ಲಿ ಶೇ 8.1ಕ್ಕೆ ಇಳಿಯಿತು. 1977-78ರ ನಂತರ ಅಷ್ಟು ಕಡಿಮೆ ಬಡ್ಡಿ ಬಂದಿರಲಿಲ್ಲ. 2019-20ರಲ್ಲಿ ಇನ್ನೊಂದು ಸೂಚನೆ ಸಿಕ್ಕಿತು. ಘೋಷಿಸಿದ್ದು ಶೇ 8.5. ಆದರೆ ಸಾಲಪತ್ರಗಳ ಆದಾಯದಿಂದ ಶೇ 8.15 ಮಾತ್ರ ಕೊಡಬಹುದು, ಉಳಿದ ಶೇ 0.35 ಷೇರು ಇಟಿಎಫ್‌ಗಳನ್ನು ಮಾರಿದ ಮೇಲೆ ಎಂದು ಮಂಡಳಿ 2020ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಖಾತೆಗೆ ಬಡ್ಡಿ ಬರುವಷ್ಟರಲ್ಲಿ ವರ್ಷದ ಕೊನೆಯಾಗಿತ್ತು.

ನಿಧಿ 2015ರಿಂದ ಹೊಸ ಹಣದ ಒಂದು ಭಾಗವನ್ನು ಷೇರು ಇಟಿಎಫ್‌ಗಳಲ್ಲಿ ಹಾಕುತ್ತಿದೆ. ಮೊದಲು ಶೇ 5, ನಂತರ ಶೇ 10, 2017ರಿಂದ ಶೇ 15. ಉಳಿದದ್ದು ಸರ್ಕಾರಿ ಮತ್ತು ಕಂಪನಿ ಸಾಲಪತ್ರಗಳಲ್ಲಿದೆ. ಶೇ 6.5 ಕೊಡುವ ಸಾಲಪತ್ರ ಕೊಂಡು ಸದಸ್ಯರಿಗೆ ಶೇ 8.25 ಕೊಡಲು ಆಗುತ್ತಿರುವುದು ಹಿಂದೆ ಹೆಚ್ಚಿನ ಬಡ್ಡಿಗೆ ಕೊಂಡ ಪತ್ರಗಳು ಇನ್ನೂ ಕೈಲಿರುವುದರಿಂದ, ಮತ್ತು ಇಟಿಎಫ್ ಮಾರಾಟದ ಲಾಭದಿಂದ. ಹಳೆಯ ಪತ್ರಗಳ ಅವಧಿ ಒಂದೊಂದಾಗಿ ಮುಗಿಯುತ್ತದೆ, ಅವುಗಳ ಜಾಗಕ್ಕೆ ಇಂದಿನ ದರದ ಪತ್ರಗಳು ಬರುತ್ತವೆ. 2022-23ರಲ್ಲಿ ಶೇ 8.15 ಕೊಟ್ಟ ಮೇಲೆ ನಿಧಿಯಲ್ಲಿ ಉಳಿದ ಹೆಚ್ಚುವರಿ 663.91 ಕೋಟಿ. ಹಂಚಿದ ಬಡ್ಡಿ 90,000 ಕೋಟಿಗೂ ಮೇಲಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಅಂಚು ಎಷ್ಟು ತೆಳುವಾದದ್ದು ಎಂಬುದು ತಿಳಿಯುತ್ತದೆ. ಪೇಟೆಯಲ್ಲಿ ಬಡ್ಡಿ ಕೆಳಗೇ ನಿಂತರೆ ಪಿಎಫ್ ದರ ನಿಧಾನವಾಗಿ ಅದರ ಕಡೆಗೆ ಇಳಿಯುತ್ತದೆ. ಅಸಲು ಮುಳುಗುವ ಭಯ ಇಲ್ಲಿಲ್ಲ. ಆದರೆ ಇಪ್ಪತ್ತು ವರ್ಷ ಶೇ 8.25 ಬರುತ್ತದೆಂದು ಲೆಕ್ಕ ಹಾಕಿ ಊರಿನ ಮನೆಯ ಯೋಜನೆ ಮಾಡುವವರು ಶೇ 7ಕ್ಕೂ ಒಮ್ಮೆ ಲೆಕ್ಕ ಹಾಕಿ ನೋಡಲಿ.

ನಿಮ್ಮ ಪಿಎಫ್ ಯಾರ ಕೈಯಲ್ಲಿದೆ ಎನ್ನುವುದೂ ಅಪಾಯದ ಲೆಕ್ಕಕ್ಕೆ ಸೇರಬೇಕು. ಅನೇಕ ದೊಡ್ಡ ಕಂಪನಿಗಳು, ಸಾರ್ವಜನಿಕ ಉದ್ದಿಮೆಗಳು ಹಣವನ್ನು ಭವಿಷ್ಯ ನಿಧಿ ಸಂಘಟನೆಗೆ ಕಟ್ಟದೆ ತಮ್ಮದೇ ಟ್ರಸ್ಟ್‌ನಲ್ಲಿಡುತ್ತವೆ. ಉತ್ತರ ಪ್ರದೇಶದ ವಿದ್ಯುತ್ ನೌಕರರಿಗೆ 2019ರಲ್ಲಿ ಆದದ್ದು ದಿಲ್ಲಿ ಪಕ್ಕದ ಘಾಜಿಯಾಬಾದ್, ನೋಯ್ಡಾಗಳ ಲೈನ್‌ಮನ್‌ಗಳಿಗೂ ಗುಮಾಸ್ತರಿಗೂ ತಟ್ಟಿತು. ಅವರ ನಿಧಿಯ ಟ್ರಸ್ಟ್ 2017ರ ಮಾರ್ಚ್‌ನಿಂದ 2018ರ ಡಿಸೆಂಬರ್‌ವರೆಗೆ 4,100 ಕೋಟಿಗೂ ಹೆಚ್ಚು ಹಣವನ್ನು ಡಿಎಚ್‌ಎಫ್‌ಎಲ್ ಎಂಬ ಗೃಹ ಸಾಲ ಕಂಪನಿಯಲ್ಲಿ ಠೇವಣಿ ಇಟ್ಟಿತ್ತು. ಕಂಪನಿ ಕುಸಿದಾಗ 2,200 ಕೋಟಿಗೂ ಹೆಚ್ಚು ಸಿಕ್ಕಿಹಾಕಿಕೊಂಡಿತು. ನೌಕರರು ಬೀದಿಗಿಳಿದ ಮೇಲೆ ರಾಜ್ಯ ಸರ್ಕಾರ ಭರವಸೆ ಕೊಟ್ಟಿತು. ಖಾಸಗಿ ಕಂಪನಿಯ ಟ್ರಸ್ಟ್‌ನಲ್ಲಿ ಕೊರತೆ ಬಿದ್ದರೆ ಮಾಲೀಕರು ತುಂಬಿಕೊಡಬೇಕೆಂಬ ನಿಯಮವಿದೆ. ಮಾಲೀಕರೇ ತೊಂದರೆಯಲ್ಲಿದ್ದಾಗ ಆ ನಿಯಮಕ್ಕೆ ಎಷ್ಟು ಬಲ ಉಳಿದೀತು? ಸಂಘಟನೆಯ ವೆಬ್‌ಸೈಟ್‌ನಲ್ಲಿ ನಿಮ್ಮ ಯುಎಎನ್ ಹಾಕಿದರೆ ಪಾಸ್‌ಬುಕ್ ತೆರೆಯದೆ, ನಿಮ್ಮದು ವಿನಾಯಿತಿ ಪಡೆದ ಸಂಸ್ಥೆ ಎಂದು ಬಂದರೆ, ನಿಮ್ಮ ಹಣ ಟ್ರಸ್ಟ್‌ನಲ್ಲಿದೆ ಎಂದು ತಿಳಿಯಿರಿ. ಅಂಥ ಕಡೆ ಕಡ್ಡಾಯದ ಪಾಲಿನ ಮೇಲೆ ವಿಪಿಎಫ್ ಸೇರಿಸುವ ಮೊದಲು ಟ್ರಸ್ಟ್‌ನ ವಾರ್ಷಿಕ ಲೆಕ್ಕಪತ್ರ ಕೇಳಿ ನೋಡುವ ಹಕ್ಕನ್ನು ಬಳಸಿ.

ಇನ್ನು ಬೀಗದ ವಿಷಯ. ವಿಪಿಎಫ್ ನಮ್ಮ ಇಚ್ಛೆಯಿಂದ ಕಟ್ಟಿದ್ದು, ಆದ್ದರಿಂದ ಇಚ್ಛೆ ಬಂದಾಗ ತೆಗೆಯಬಹುದು ಎಂದುಕೊಂಡವರು ಬಹಳ ಮಂದಿ. ಹಾಗಿಲ್ಲ. ಕಡ್ಡಾಯದ ಹಣಕ್ಕಿರುವ ನಿಯಮಗಳೇ ವಿಪಿಎಫ್‌ಗೂ ಅನ್ವಯ. ಐದು ವರ್ಷದ ನಿರಂತರ ಸೇವೆಗೆ ಮುಂಚೆ ಖಾತೆ ಮುಚ್ಚಿ ತೆಗೆದರೆ ತೆರಿಗೆ ಬೀಳುತ್ತದೆ. 2025ರ ಅಕ್ಟೋಬರ್ 13ರಂದು ಕೇಂದ್ರ ಮಂಡಳಿ ಭಾಗಶಃ ಹಿಂಪಡೆಯುವ 13 ನಿಯಮಗಳನ್ನು ಮೂರು ಗುಂಪಾಗಿ ಸರಳಗೊಳಿಸುವ ತೀರ್ಮಾನ ಮಾಡಿತು. ಸೇವೆ 12 ತಿಂಗಳು ತುಂಬಿದರೆ ಹಿಂದಿಗಿಂತ ಸಲೀಸು. ಆದರೆ ಅದೇ ತೀರ್ಮಾನದಲ್ಲಿ ಶೇ 25 ಹಣ ಖಾತೆಯಲ್ಲಿ ಉಳಿಯಲೇಬೇಕು ಎಂಬ ಷರತ್ತೂ ಇದೆ. ಕೆಲಸ ಹೋದವರು ಎರಡು ತಿಂಗಳ ನಂತರ ಪೂರ್ತಿ ತೆಗೆಯುತ್ತಿದ್ದರು, ಆ ಕಾಯುವಿಕೆ 12 ತಿಂಗಳಿಗೆ ಏರಿತು. ಟೀಕೆ ಬಂದಾಗ ಸಚಿವಾಲಯ ವಿವರಿಸಿತು: ಶೇ 75 ತಕ್ಷಣ ತೆಗೆಯಬಹುದು, ಉಳಿದ ಶೇ 25 ಒಂದು ವರ್ಷದ ಮೇಲೆ.

ಪಿಎಫ್ ನಿಯಮಗಳು ದಿಢೀರನೆ ಬದಲಾಗುತ್ತವೆ ಎಂಬುದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. 2016ರ ಫೆಬ್ರವರಿ 10ರ ಅಧಿಸೂಚನೆ ಮಾಲೀಕರ ಪಾಲನ್ನು 58 ವಯಸ್ಸಿನವರೆಗೆ ತೆಗೆಯದಂತೆ ಮಾಡಿತ್ತು. ಕೆಲಸ ಬಿಟ್ಟು ಮಗಳ ಮದುವೆಗೋ ಸಾಲ ತೀರಿಸಲೋ ಪಿಎಫ್ ತೆಗೆಯುತ್ತಿದ್ದ ಹೊಲಿಗೆ ಕಾರ್ಮಿಕರಿಗೆ ಅದು ದೊಡ್ಡ ಏಟು. ಏಪ್ರಿಲ್ 18, 19ರಂದು ಸಾವಿರಾರು ಜನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಕೂತರು. 19ರ ಸಂಜೆಗೆ ಕೇಂದ್ರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಅದೇ ವರ್ಷದ ಬಜೆಟ್‌ನಲ್ಲಿ ಪಿಎಫ್ ಹಿಂಪಡೆಯುವಾಗ ಶೇ 60 ಭಾಗಕ್ಕೆ ತೆರಿಗೆ ಎಂಬ ಪ್ರಸ್ತಾವವೂ ಮಾರ್ಚ್‌ನಲ್ಲಿ ಬಿದ್ದುಹೋಯಿತು. 2021ರ ಗೆರೆ ಮಾತ್ರ ಉಳಿಯಿತು. ಸಂಬಳ ಹೆಚ್ಚಿರುವ ವಿಪಿಎಫ್ ಸದಸ್ಯರ ಪರವಾಗಿ ರಸ್ತೆಗಿಳಿಯುವವರಿಲ್ಲ. ಅವರ ಮೇಲೆ ಬರುವ ಮುಂದಿನ ಬದಲಾವಣೆಯೂ ಸದ್ದಿಲ್ಲದೆ ಉಳಿದುಬಿಡುವ ಸಾಧ್ಯತೆಯೇ ಹೆಚ್ಚು. ಆ ಬದಲಾವಣೆ ಯಾವ ರೂಪದಲ್ಲಿ ಬರಬಹುದು ಎಂಬುದಕ್ಕೆ ರಾಮಕೃಷ್ಣಪುರಂ ಕ್ವಾರ್ಟರ್ಸ್‌ನ ಹಿರಿಯ ಸರ್ಕಾರಿ ನೌಕರರನ್ನು ಕೇಳಬಹುದು. 2022ರ ಜೂನ್‌ನಲ್ಲಿ ಜಿಪಿಎಫ್‌ಗೆ ವರ್ಷಕ್ಕೆ 5 ಲಕ್ಷಕ್ಕಿಂತ ಹೆಚ್ಚು ಕಟ್ಟುವಂತೆಯೇ ಇಲ್ಲ ಎಂದು ನಿಯಮ ಬಂತು. ಮೊದಲು 5 ಲಕ್ಷದಾಚೆಗೆ ತೆರಿಗೆ, ಮರುವರ್ಷ 5 ಲಕ್ಷದಾಚೆಗೆ ಬಾಗಿಲೇ ಬಂದ್. ವಿಪಿಎಫ್‌ಗೂ ಅದೇ ದಾರಿ ಕಾದಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ದಾರಿ ಒಮ್ಮೆ ಹಾಕಿಯಾಗಿದೆ.

ಊರಿಗೆ ಮರಳುವವರಿಗೆ ಇನ್ನೊಂದು ಮಾತು. ನಲವತ್ತೈದು, ಐವತ್ತಕ್ಕೆ ದಿಲ್ಲಿಯ ಕೆಲಸ ಬಿಟ್ಟು, ಪಿಎಫ್ ಹಾಗೇ ಬೆಳೆಯಲಿ ಎಂದು ಬಿಡುವವರಿದ್ದಾರೆ. 2017ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಇಂಥದೇ ಪ್ರಕರಣ ತೀರ್ಮಾನಿಸಿತು. ಬೆಂಗಳೂರಿನ ಕಂಪನಿಯಿಂದ 2002ರಲ್ಲಿ ನಿವೃತ್ತರಾದವರೊಬ್ಬರ ಪಿಎಫ್‌ನಲ್ಲಿ ಆಗ 37.93 ಲಕ್ಷವಿತ್ತು. ತೆಗೆಯದೆ ಬಿಟ್ಟು 2011ರಲ್ಲಿ 82 ಲಕ್ಷ ತೆಗೆದರು. ನಿವೃತ್ತಿಯ ನಂತರ ಸೇರಿದ 44.07 ಲಕ್ಷ ಬಡ್ಡಿಗೆ ತೆರಿಗೆ ಕಟ್ಟಬೇಕು ಎಂದು ಪೀಠ ಹೇಳಿತು. ಬಡ್ಡಿಗೆ ವಿನಾಯಿತಿ ಸಿಗುವುದು ನೌಕರನಿಗೆ, ಕೆಲಸ ಬಿಟ್ಟವರಿಗೆ ಅಲ್ಲ. ವಿಪಿಎಫ್ ತುಂಬಿಸಿದಷ್ಟೂ ಈ ಭಾರ ಹೆಚ್ಚು. ಕೆಲಸ ಬಿಡುವ ವರ್ಷವೇ ಆ ಹಣಕ್ಕೆ ಬೇರೆ ಜಾಗ ಹುಡುಕಿಟ್ಟುಕೊಳ್ಳುವುದು ಲೇಸು.

ಹಾಗಾದರೆ ಈ ಏಪ್ರಿಲ್‌ನಲ್ಲಿ ಫಾರ್ಮ್‌ನಲ್ಲಿ ಏನು ಬರೆಯಬೇಕು? ಬರುವ ವರ್ಷದ ಬೇಸಿಕ್ ಅನ್ನು ಹೈಕ್ ಸೇರಿಸಿ ಅಂದಾಜಿಸಿ. ಅದರ ಶೇ 12 ತೆಗೆದು, 2.5 ಲಕ್ಷದಲ್ಲಿ ಕಳೆಯಿರಿ. ಉಳಿದದ್ದನ್ನು 12ರಿಂದ ಭಾಗಿಸಿ, ಹೈಕ್ ಅಂದಾಜು ಮೀರಿದರೆ ಇರಲಿ ಎಂದು ಸ್ವಲ್ಪ ಕಡಿಮೆ ಮಾಡಿ ಬರೆಯಿರಿ. ಅದಕ್ಕೂ ಮುಂಚೆ ಆರು ತಿಂಗಳ ಮನೆ ಖರ್ಚು ಪಿಎಫ್‌ನ ಹೊರಗೆ, ಕೈಗೆಟುಕುವ ಕಡೆ ಇರಲಿ. ಕೆಲಸ ಹೋದ ತಿಂಗಳಲ್ಲಿ ಗುರುಗ್ರಾಮದ ಬಾಡಿಗೆ ಕಟ್ಟಲು ಪಿಎಫ್ ಅರ್ಜಿಯನ್ನು ಕಾಯುವ ಸ್ಥಿತಿ ಯಾರಿಗೂ ಬರಬಾರದು.

ಸರ್ಕಾರದ ಮುಂದೆಯೂ ಎರಡು ಬೇಡಿಕೆ ಇಡುತ್ತೇವೆ. 2.5 ಲಕ್ಷದ ಗೆರೆಯನ್ನು ಬೆಲೆಯೇರಿಕೆಗೆ ಜೋಡಿಸಲಿ. ವೇತನದ ವ್ಯಾಖ್ಯೆ ಬದಲಾದಾಗ ಬೇಸಿಕ್ ತಾನಾಗಿ ಏರಿ ಗೆರೆ ದಾಟಿದವರನ್ನು ಕೋಟಿ ಕಟ್ಟುವವರ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಇನ್ನೊಂದು, ತೆರಿಗೆಗೊಳಪಡುವ ಲೆಕ್ಕದಲ್ಲಿ ಸೇರಿರುವ ಹಣವನ್ನು ಕೆಲಸದಲ್ಲಿರುವಾಗಲೇ, ಯಾವ ಕಾರಣವನ್ನೂ ಕೇಳದೆ ತೆಗೆಯಲು ಸದಸ್ಯರಿಗೆ ಅವಕಾಶ ಕೊಡಲಿ. ಆ ಹಣಕ್ಕೆ ನಿವೃತ್ತಿ ಉಳಿತಾಯದ ವಿನಾಯಿತಿಯನ್ನು ಸರ್ಕಾರವೇ ತೆಗೆದಿದೆ. ವಿನಾಯಿತಿ ಇಲ್ಲದ ಹಣಕ್ಕೆ ನಿವೃತ್ತಿಯವರೆಗಿನ ಬೀಗ ಹಾಕಿಡಲು ಯಾವ ಕಾರಣವೂ ಉಳಿದಿಲ್ಲ.